ಅಮ್ಮನ ಬಾಯಲ್ಲಿ ಉಳಿದದ್ದು

ಎರಡನೆಯ ಆಯಾ ಕೆಲಸ ಬಿಟ್ಟ ಮಧ್ಯಾಹ್ನ ಏಜೆನ್ಸಿಯ ಮ್ಯಾನೇಜರ್ ನನಗೆ ಲ್ಯಾಬಿಗೇ ಫೋನ್ ಮಾಡಿದ. ಕುಡಿಯುವ ನೀರಿನ ಮಾದರಿಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಒಂದು ಕೈಯಲ್ಲಿ ಸೀಸೆ, ಇನ್ನೊಂದರಲ್ಲಿ ಫೋನ್.

"ಮೇಡಂ, ನಿಮ್ಮ ತಾಯಿ ಕೆಟ್ಟ ಕೆಟ್ಟ ಮಾತು ಅಂತಾರಂತೆ. ನಮ್ಮ ಹುಡುಗಿ ಅಳ್ತಾ ಬಂದಳು."

"ಅವರಿಗೆ ಸ್ಟ್ರೋಕ್ ಆಗಿದೆ. ಬೇಕಂತ ಅನ್ನಲ್ಲ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಬೈಸಿಕೊಳ್ಳೋರಿಗೆ ಹೇಗೆ ಹೇಳೋದು? ಇನ್ನೊಬ್ಬರನ್ನ ಕಳಿಸ್ತೀನಿ. ಅವರೂ ಬಿಟ್ಟರೆ ನನ್ನ ಕೈಲಾಗಲ್ಲ, ಯಾವುದಾದ್ರೂ ವೃದ್ಧರ ಹೋಮಿಗೆ ಹಾಕಿಬಿಡಿ."

ಅಂಥ ಹೋಮೊಂದನ್ನು ನಾನು ನೋಡಿ ಬಂದಿದ್ದೆ. ಉದ್ದದ ಹಾಲ್, ಸಾಲು ಮಂಚ, ಯಾರೂ ನೋಡದ ಟಿವಿ. ಅಲ್ಲಿ ಅಮ್ಮನ ಕೈ ಹಿಡಿದು ವ್ಯಾಯಾಮ ಮಾಡಿಸುವವರೂ ಇರಲಿಲ್ಲ, ಮಾತು ಕಲಿಸುವವರೂ ಇರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದೇ ನನ್ನ ಸಂಬಳದಲ್ಲಿ.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಲೈನ್ ಸಿಗದವರ ಸಿಟ್ಟೆಲ್ಲ ಅವಳ ಕಿವಿಗೇ ಬೀಳುತ್ತಿತ್ತು. ತಿರುಗಿ ಒಂದು ಮಾತು ಅಂದರೆ ಮೆಮೋ. ಹಾಗಾಗಿ ನೌಕರಿಯುದ್ದಕ್ಕೂ ಎಲ್ಲವನ್ನೂ ನುಂಗಿ, ಜೇನು ಸವರಿದ ದನಿಯಲ್ಲಿ ಉತ್ತರ ಕೊಟ್ಟಳು. ಮನೆಯಲ್ಲೂ ನಾನು ಅವಳ ಬಾಯಿಂದ ಒಂದು ಹೊಲಸು ಮಾತು ಕೇಳಿದವಳಲ್ಲ. ಸ್ಟ್ರೋಕ್ ಆದಮೇಲೆ ಬಲಗೈ, ಬಲಗಾಲು ಹೋದವು. ಅವುಗಳ ಜೊತೆಗೆ ಮಾತೂ ಹೋಯಿತು. ನನ್ನ ಹೆಸರು, ನೀರು, ನೋವು, ಬೇಕು, ಬೇಡ, ಒಂದೂ ಇಲ್ಲ. ಉಳಿದದ್ದು ಮೂರು: "ಥೂ", "ಹಾಳಾದ್ದು", "ದರಿದ್ರ ಮುಂಡೆ". ಅವು ಮಾತ್ರ ಒಂದಕ್ಷರವೂ ತೊದಲದೆ ಸ್ಪಷ್ಟವಾಗಿ ಬರುತ್ತಿದ್ದವು.

ವಾರಕ್ಕೊಮ್ಮೆ ಬರುವ ಸ್ಪೀಚ್ ಥೆರಪಿಸ್ಟ್ ಇದನ್ನು ಸಮಾಧಾನವಾಗಿ ವಿವರಿಸಿದ್ದರು. ನಾವು ಪದಕ್ಕೆ ಪದ ಜೋಡಿಸಿ ಆಡುವ ಮಾತು ಹೆಚ್ಚಾಗಿ ಮೆದುಳಿನ ಎಡಭಾಗದ ಕೆಲಸ. ಅಮ್ಮನಿಗೆ ಪೆಟ್ಟಾದದ್ದು ಅಲ್ಲೇ. ಬೈಗುಳ, ಉದ್ಗಾರ, ಒಂದು ಎರಡು ಮೂರು ಎಂಬ ಎಣಿಕೆ, ಇವನ್ನು ನಾವು ಜೋಡಿಸುವುದಿಲ್ಲ; ಕಟ್ಟಿಟ್ಟ ಗಂಟಿನ ಹಾಗೆ ಇಡಿಯಾಗಿ ಹೊರಬರುತ್ತವೆ. ಅವಕ್ಕೆ ಮೆದುಳಿನ ಬಲಭಾಗ ಮತ್ತು ಭಾವನೆಗಳಿಗೆ ಸಂಬಂಧಪಟ್ಟ ಒಳಭಾಗಗಳ ಆಸರೆ ಇದೆ. "ಬಾಯ್ಬಿಟ್ಟಾಗ ಏನೋ ಹೇಳಬೇಕು ಅಂತ ಹೊರಡ್ತಾರೆ. ಸಿಕ್ಕಿದ್ದು ಅದೊಂದೇ ಬಸ್ಸು, ಹತ್ತಿಬಿಡ್ತಾರೆ," ಎಂದಿದ್ದರು. ನೋವಾದಾಗ ಬೈದರೆ ತುಸು ಹೆಚ್ಚು ತಡೆದುಕೊಳ್ಳಬಹುದಂತೆ. ಅಪರೂಪಕ್ಕೆ ಬೈಯುವವರಿಗೆ ಆ ಪ್ರಯೋಜನ ಇನ್ನೂ ಹೆಚ್ಚಂತೆ. ಆ ಲೆಕ್ಕದಲ್ಲಿ ಅಮ್ಮನ ಹತ್ತಿರ ಒಂದು ಜನ್ಮದಷ್ಟು ಉಳಿತಾಯವಿತ್ತು.

ಅವರು ಹೇಳಿಕೊಟ್ಟ ಚಿಕಿತ್ಸೆಯೂ ವಿಚಿತ್ರ. ತಾನಾಗಿ ಬರುವ ಮಾತನ್ನೇ ಕಾರ್ಡಿನ ಮೇಲೆ ದಪ್ಪಗೆ ಬರೆದು ತೋರಿಸಬೇಕು. ಅಮ್ಮ ಅದನ್ನೇ ಓದಿದರೆ ಕಾರ್ಡ್ ಇಟ್ಟುಕೊಳ್ಳಬೇಕು. ಬೇರೇನೋ ಬಾಯಿಗೆ ಬಂದರೆ ಆ ಕಾರ್ಡ್ ಬಿಟ್ಟು, ಬಂದ ಮಾತನ್ನು ಬರೆಯಬೇಕು. ತಪ್ಪಿ ಬರುವ ಮಾತು ಹೀಗೆ ಬೇಕೆಂದಾಗ ಬರುವ ಮಾತಾಗುತ್ತದೆ. ಆಮೇಲೆ ಬೇರೆ ಪದಗಳನ್ನು ಸೇರಿಸಬಹುದು. ನಾನು ಸ್ಕೆಚ್ ಪೆನ್ ಹಿಡಿದು ಕುಳಿತೆ. 'ಥೂ' ಬರೆದೆ. 'ಹಾಳಾದ್ದು' ಬರೆದೆ. ಮೂರನೆಯದಕ್ಕೆ ಕೈ ನಿಂತುಬಿಟ್ಟಿತು.

"ಕೊಡಮ್ಮ ಇಲ್ಲಿ," ಎಂದು ಕಾಲೇಜಿಗೆ ಹೋಗುವ ನನ್ನ ಮಗಳು ಕಾರ್ಡ್ ಕಸಿದುಕೊಂಡು ನಗುತ್ತಲೇ ಬರೆದಳು. "ಇದರಲ್ಲೇನಿದೆ? ನಮ್ಮ ಕ್ಲಾಸಲ್ಲಿ ಫ್ರೆಂಡ್ಸ್‌ನ ಹೀಗೇ ಕರೀತೀವಿ."

ನಿಜವೇ. ಅಮ್ಮನ ಕಾಲದವರಿಗೆ ಅದು ಬೈಗುಳ ಮಾತ್ರವಲ್ಲ, ಶಾಪ; ಅಂದರೆ ಗಂಡನ ಸಾವನ್ನೇ ಬಯಸಿದ ಹಾಗೆ. ನನಗೆ ಅದು ಕೊಳಕು ಮಾತು. ಮಗಳಿಗೆ ಸಲಿಗೆಯ ಮಾತು: ಅಂದರೂ ಜಗಳವಾಗದಿದ್ದರೆ ನಾವಿಬ್ಬರೂ ಹತ್ತಿರದವರು ಎಂದರ್ಥ. ಆದರೆ ಇದೇ ಮಗಳನ್ನು ಯಾರಾದರೂ 'ಡುಮ್ಮಿ' ಅಂದರೆ ಎರಡು ದಿನ ಊಟ ಬಿಡುತ್ತಾಳೆ. ನನ್ನ ಚಿಕ್ಕಂದಿನಲ್ಲಿ ಅದು ಮುದ್ದಿನ ಹೆಸರಾಗಿತ್ತು. ಅವಳು ಮಾತಿಗೊಮ್ಮೆ 'ಶಿಟ್' ಅನ್ನುವುದು ಅಲ್ಪವಿರಾಮ ಹಾಕಿದಂತೆ. ಅಮ್ಮ ಗಟ್ಟಿಯಾಗಿದ್ದಾಗ ಒಮ್ಮೆ ಅದರ ಅರ್ಥ ಕೇಳಿದ್ದಳು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ತಟ್ಟೆ ಸರಿಸಿ, "ಊಟಕ್ಕೆ ಕೂತಾಗ ಅದನ್ನ ಯಾಕೇ ನೆನೆಸ್ಕೋತಾಳೆ ಇವಳು?" ಎಂದಿದ್ದಳು.

ಮೂರನೆಯ ಆಯಾ ದೂರದ ಸೀಮೆಯವಳು. ಮಾತೃಭಾಷೆ ಬೇರೆ. ಕನ್ನಡ ಕಲಿತದ್ದು ಕೆಲಸದ ಮನೆಗಳಲ್ಲಿ: ನೀರು, ಬಟ್ಟೆ, ಔಷಧಿ, ಏಳಿ, ಕೂತ್ಕೊಳ್ಳಿ. ನಾವೆಲ್ಲ ಸಿಸ್ಟರ್ ಎಂದೇ ಕರೆದೆವು. ಮೊದಲ ದಿನ ಅಮ್ಮನ ಸೆಟೆದ ತೋಳನ್ನು ಎತ್ತುತ್ತಿದ್ದಂತೆ ಅಮ್ಮ ಉಗಿದಳು: "ದರಿದ್ರ ಮುಂಡೆ!"

"ಹೌದು ಅಮ್ಮಾ. ಇನ್ನೊಂದು ಸಲ ಮೇಲೆ," ಎಂದಳು ಸಿಸ್ಟರ್.

ನಾನು ಅವಳನ್ನು ಅಡುಗೆಮನೆಗೆ ಕರೆದು ಕ್ಷಮೆ ಕೇಳಿದೆ.

"ಅಕ್ಕಾ, ಅರ್ಥ ಗೊತ್ತು. ಹಿಂದಿನ ಮನೆ ಯಜಮಾನರು ದಿನಾ ನನಗೆ ಅದನ್ನೇ ಅಂತಿದ್ರು. ಆದ್ರೆ ಸುಮ್ನೆ ಸೌಂಡ್ ತರ. ಬಾಗಿಲು ಕಿರ್ ಅನ್ನತ್ತಲ್ಲ, ಹಾಗೆ."

ನನಗೆ ಎಷ್ಟು ಹಗುರವಾಯಿತೆಂದರೆ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಬೆಳೆದಮೇಲೆ ಕಲಿತ ಭಾಷೆಯ ಬೈಗುಳ ಮೈಗೆ ಅಷ್ಟಾಗಿ ತಾಗುವುದಿಲ್ಲವೆಂದು ಓದಿದ್ದೆ. ಚಿಕ್ಕವರಿದ್ದಾಗ ಕೇಳಿದ ಬೈಗುಳಕ್ಕೆ ಹೆದರಿಕೆ, ನಾಚಿಕೆ, ಬೆನ್ನ ಮೇಲೆ ಬಿದ್ದ ಏಟು ಎಲ್ಲ ಅಂಟಿಕೊಂಡಿರುತ್ತವೆ. ಆಮೇಲೆ ಕಲಿತದ್ದಕ್ಕೆ ಅರ್ಥವೊಂದೇ ಇರುತ್ತದೆ. ಸಿಸ್ಟರಿಗೆ ನಮ್ಮ ಭಾಷೆಯಲ್ಲಿ ಬಾಲ್ಯವಿಲ್ಲ. ಅದೇ ನಮ್ಮ ಅದೃಷ್ಟವೆಂದುಕೊಂಡೆ.

ತಿಂಗಳುಗಳು ಕಳೆದವು. ಸಿಸ್ಟರಿನ ಕನ್ನಡ ಬೆಳೆಯಿತು. ಮಗಳ ಜೊತೆ ಧಾರಾವಾಹಿ ನೋಡಿ ವಿಲನ್‌ಗೆ ಶಾಪ ಹಾಕುವಳು. ಗ್ಯಾಸ್ ತರುವವನು ತಡಮಾಡಿದರೆ, "ಏನಣ್ಣಾ, ಮುಂದಿನ ಜನ್ಮದಲ್ಲಿ ಬರೋಣ ಅಂತಿದ್ರಾ?" ಎಂದು ಕಿಚಾಯಿಸುವಳು. ಅವಳು ಕನ್ನಡದಲ್ಲಿ ನಗುವುದು, ಮುನಿಯುವುದು, ಒಮ್ಮೆ ಅಳುವುದನ್ನೂ ಕಂಡೆ. ಇದರ ಇನ್ನೊಂದು ಮಗ್ಗುಲು ನನಗೆ ಹೊಳೆಯಲೇ ಇಲ್ಲ.

ಒಂದು ಸಂಜೆ ಮನೆಗೆ ಬಂದಾಗ ಅವಳ ಬ್ಯಾಗು ಸ್ಟೂಲಿನ ಮೇಲಿತ್ತು, ಜಿಪ್ ಎಳೆದು.

"ನಾಳೆ ಹೋಗ್ತೀನಿ ಅಕ್ಕಾ."

"ಏನಾಯ್ತು? ಏನಂದ್ರು ಅಮ್ಮ?"

"ಹೊಸದು ಏನಿಲ್ಲ. ದಿನಾ ಅನ್ನೋದೇ. ಮೊದಲು ಕಿವಿಗೆ ಬೀಳ್ತಿತ್ತು. ಈಗ ಇಲ್ಲಿ ಬೀಳತ್ತೆ." ಎದೆಯ ಮೇಲೆ ಕೈಯಿಟ್ಟಳು. "ಬಾತ್‌ರೂಮಿಗೆ ಕರ್ಕೊಂಡು ಹೋಗುವಾಗ ಅಂದ್ರು. ನನಗೆ ಕೈ ಬಿಟ್ಟುಬಿಡೋಣ ಅನಿಸ್ತು. ಬಿಡಲಿಲ್ಲ. ಆದ್ರೆ ಅನಿಸ್ತಲ್ಲ, ಭಯ ಆಯ್ತು."

ನಾನು ಮೆದುಳಿನ ಎಡ, ಬಲ ಎಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು.

"ಗೊತ್ತು ಅಕ್ಕಾ. ನೀವು ಹತ್ತು ಸಲ ಹೇಳಿದೀರ."

"ನಿಮ್ಮ ಭಾಷೇಲಿ ಇದಕ್ಕೆ ಏನಂತಾರೆ?" ಎಂದೆ, ಬೇರೇನೂ ತೋಚದೆ.

ಅವಳು ಬಾಯಿ ತೆರೆದು ಮುಚ್ಚಿದಳು. ಕಿವಿ ಕೆಂಪಾಯಿತು. ಕೊನೆಗೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು. ನನಗೆ ಎರಡು ಅಕ್ಷರ ಕೇಳಿಸಿತು, ಅಷ್ಟೇ. ಬಾಗಿಲು ಕಿರ್ ಅಂದ ಹಾಗೆ.

"ಬೈಯೋದು ಇರ್ಲಿ ಅಕ್ಕಾ," ಎಂದಳು. "ನಮ್ಮ ಓಣೀಲಿ ಹೆಂಗಸರು ನಲ್ಲಿ ಹತ್ರ ಬೈದಾಡಿ, ಸಾಯಂಕಾಲ ಒಟ್ಟಿಗೆ ಕೂತು ತಲೆ ಬಾಚ್ತಾರೆ. ಇಲ್ಲಿ ಅವರು ಅಂತಾರೆ, ನಾನು ಕೇಳ್ತೀನಿ. ಅಷ್ಟೇ. ಅದು ಕೆಲಸದೋಳಿಗೆ ಅನ್ನೋ ಮಾತು."

ಅಂದು ಅಮ್ಮನ ಹಾಸಿಗೆ ಬಟ್ಟೆಯನ್ನು ನಾನೇ ಬದಲಿಸಿದೆ. ಅಭ್ಯಾಸವಿಲ್ಲದೆ ಅವಳ ಬಲಭುಜವನ್ನು ತಪ್ಪಾಗಿ ತಿರುಚಿದೆ. ಅಮ್ಮ ನನ್ನ ಮುಖವನ್ನೇ ನೋಡಿ ಅದೇ ಮಾತು ಅಂದಳು. ಅಲ್ಲಿಯವರೆಗೆ ಒಮ್ಮೆಯೂ ನನಗೆ ಅಂದಿರಲಿಲ್ಲ. ನಾನು ಅವಳ ಮೈ ಮುಟ್ಟುವ ಕೆಲಸವನ್ನು ಬೇರೆಯವರಿಗೆ ವಹಿಸಿದ್ದೆನಲ್ಲ. ಥೆರಪಿಸ್ಟ್ ಹೇಳಿದ್ದೆಲ್ಲ ನನಗೆ ಬಾಯಿಪಾಠವಿತ್ತು. ಆದರೂ ಕೆನ್ನೆ ಕಾದುಹೋಯಿತು. ತಿರುಗಿ ಅನ್ನಲು ಬಾಯಿಲ್ಲದೆ ಹಾಸಿಗೆಯ ಸುಕ್ಕನ್ನು ಸವರುತ್ತ ನಿಂತೆ.

ಆಮೇಲೆ ಸಿಸ್ಟರ್ ಹತ್ತಿರ ಹೋದೆ. "ನಾಳೆ ಒಂದು ದಿನ ನೋಡಿ. ಅವರು ಅಂದರೆ ನೀವೂ ತಿರುಗಿ ಅನ್ನಿ."

"ಪೇಷಂಟಿಗಾ?"

"ಹೂಂ. ನನ್ನೆದುರಿಗೇ."

"ನಿಮಗೆ ಬೇಜಾರಾಗಲ್ವಾ?"

"ಆಗತ್ತೆ. ಆಗ್ಲಿ."

ಬೆಳಗ್ಗೆ ನಾನು ಲ್ಯಾಬಿಗೆ ಹೊರಡುವ ಮುಂಚೆ ವ್ಯಾಯಾಮ ಶುರುವಾಯಿತು. ಸಿಸ್ಟರ್ ತೋಳೆತ್ತಿದಳು. ಅಮ್ಮ ಎಂದಿನಂತೆ, "ದರಿದ್ರ ಮುಂಡೆ!"

ಸಿಸ್ಟರ್ ನನ್ನನ್ನು ನೋಡಿದಳು. ಉಸಿರೆಳೆದುಕೊಂಡು, "ನೀವೇ... ನೀವೇ ದರಿದ್ರ ಮುಂಡೆ!" ಎಂದಳು.

"ಅಯ್ಯೋ ಸಿಸ್ಟರ್," ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಮಗಳು ನೊರೆಯ ಬಾಯಲ್ಲೇ ಕೂಗಿದಳು, "ಬೈಯೋವಾಗ ಯಾರಾದ್ರೂ ನೀವು ಅಂತಾರಾ!"

"ಸುಮ್ನಿರು, ದೊಡ್ಡೋರಿಗೆ ಹೇಗೆ ನೀನು ಅನ್ನೋದು?"

ಅಮ್ಮನ ಸ್ವಾಧೀನವಿದ್ದ ಎಡಹುಬ್ಬು ಮೇಲೇರಿತು. ಇದಕ್ಕೆ ನೀನೇನು ಹೇಳುತ್ತೀ ಎಂಬಂತೆ ನನ್ನ ಕಡೆ ನೋಡಿದಳು. ಆಗ ಅವಳ ಗಂಟಲಿಂದ ಒಂದು ಸದ್ದು ಬಂತು, ಕೆಮ್ಮೋ ನಗುವೋ. ಮತ್ತೆ, "ಥೂ."

"ನಿಮಗೇ ಥೂ. ತೋಳು ಮೇಲೆ."

"ಹಾಳಾದ್ದು."

"ನೀವೇ ಹಾಳಾದ್ದು. ಇನ್ನೊಂದ್ಸಲ."

ನಲ್ಲಿ ಕಟ್ಟೆಯ ಜಗಳದಂತೆ ಅದು ಸಾಗಿತು. ತೋಳು ಎಂದಿಗಿಂತ ಮೇಲೇನೂ ಹೋಗಲಿಲ್ಲ. ಮುಗಿದಾಗ ಸಿಸ್ಟರಿನ ಹಣೆ ಬೆವೆತಿತ್ತು. "ಈ ತಿಂಗಳು ಇರ್ತೀನಿ ಅಕ್ಕಾ," ಎಂದಳು. "ಆಮೇಲೆ ನೋಡೋಣ." ಮತ್ತೆ ಬೆವರು ಒರೆಸಿಕೊಂಡು, "ನಿನ್ನೆ ನಿಮಗೂ ಅಂದ್ರಲ್ಲ. ನೀವೂ ಒಂದು ಅನ್ನಿ. ಹಗುರಾಗತ್ತೆ."

ನಾನು ಮಂಚದ ಅಂಚಿಗೆ ಕುಳಿತೆ. ಕಾರ್ಡುಗಳ ಮೇಲಿನ ಒಂದು ಮಾತೂ ನಾಲಿಗೆಗೆ ಬರಲಿಲ್ಲ. ಅಮ್ಮ ಕಾಯುತ್ತಿದ್ದಳು. ಆಟ ಮುಂದುವರಿಯುತ್ತದೆಂದು ಮುಖದ ಒಂದು ಕಡೆ ಆಗಲೇ ನಗುತ್ತಿತ್ತು. "ಥೂ," ಎಂದಳು ನನಗೆ.

"ಸಾಕು, ಬಾಯಿ ಮುಚ್ಚು," ಎಂದೆ.

ಅದು ಬೈಗುಳವೂ ಅಲ್ಲ. ಬಸ್ಸಿನಲ್ಲಿ, ಆಫೀಸಿನಲ್ಲಿ ದಿನಕ್ಕೆ ನೂರು ಬಾರಿ ಕೇಳುವಂಥದ್ದು. ಆದರೆ ನನ್ನ ದನಿಯಲ್ಲಿ ಆಟವಿರಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ದಣಿವಿತ್ತು. ಅಮ್ಮನ ಅರ್ಧ ನಗು ಆರಿತು. ಅವಳು ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಅಕ್ಕಾ," ಎಂದಳು ಸಿಸ್ಟರ್ ಮೆಲ್ಲಗೆ, "ನಿಮ್ಮದು ತಾಗ್ತು."

ಲ್ಯಾಬಿಗೆ ತಡವಾಗುತ್ತದೆಂದು ಫೋನ್ ಮಾಡಿದೆ. ಹೊರಡಲೆಂದು ಮೆಟ್ಟಿದ್ದ ಚಪ್ಪಲಿ ಬಿಚ್ಚಿ ಮತ್ತೆ ಬಂದು, ಅಮ್ಮ ಈ ಕಡೆ ತಿರುಗುವವರೆಗೆ ಅವಳ ಎಡಗೈ ಹಿಡಿದು ಕುಳಿತೆ. ಬಹಳ ಹೊತ್ತು ತಿರುಗಲಿಲ್ಲ.