ತೋಳಿನಾಚೆಯ ಕೈ

ಹೊನ್ನಾಳಿಯ ಬಟ್ಟೆ ಅಂಗಡಿಗೆ ಹೊಸ ಕುರ್ತಾ ಬಂದಾಗ ಒಂದೇ ಬಣ್ಣದ್ದನ್ನು ರಕ್ಷಾಗೆ ತೊಡಿಸಿ ಫೋಟೊ ತೆಗೆಯುತ್ತಿದ್ದರು. ಅವಳು ಅಲ್ಲೇ ಇಸ್ತ್ರಿ ಹಾಕುವ ಹುಡುಗಿ, ಸಾಸ್ವೆಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ಅದೇ ಫೋಟೊದಲ್ಲಿ ಮಿಕ್ಕ ಬಣ್ಣಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವುದು ಅನಿತಾಳ ಕೆಲಸ.

ಅದನ್ನು ಅವಳು ಸಂಜೆ ಕ್ಲಾಸಿನಲ್ಲಿ ಕಲಿತಿದ್ದಳು. ಪರದೆಯ ಬ್ರಷ್ಷಿನಿಂದ ಬಟ್ಟೆಯ ಮೇಲೆ ಮಾಸ್ಕ್ ಎಂಬ ಗುರುತಿನ ಪದರ ಬಳಿಯಬೇಕು. ಬಳಿದಲ್ಲಿ ಮಾತ್ರ ಕಂಪ್ಯೂಟರ್ ಹೊಸದಾಗಿ ಚಿತ್ರಿಸುತ್ತದೆ. ಏನು ಬೇಕೆಂದು ಬರೆದು ತಿಳಿಸುವ ಪ್ರಾಂಪ್ಟ್ ಕುರ್ತಾದ ಮೈಭಾಗಕ್ಕೊಂದು, ಅಂಚಿಗೊಂದು. ಮೂಲ ಫೋಟೊದ ಗೆರೆಗಳನ್ನು ಜೊತೆಗೆ ಕೊಟ್ಟು ಬದಲಾವಣೆಯ ಪ್ರಮಾಣ ತಗ್ಗಿಸಿದರೆ, ಸಾಸಿವೆ ಬಣ್ಣದ ಕುರ್ತಾ ನವಿಲುನೀಲಿಯಾದರೂ ಮಡಿಕೆ ಅಲುಗುವುದಿಲ್ಲ.

ಆ ದಿನ ಆತುರಕ್ಕೆ ದಪ್ಪ ಬ್ರಷ್ ಹಿಡಿದಳು. ಮಾಸ್ಕ್ ಕುರ್ತಾದ ತೋಳಿನ ಅಂಚು ದಾಟಿ ರಕ್ಷಾಳ ಕೈಯ ಮೇಲೂ ಹರಡಿತು. ಬಂದ ಚಿತ್ರಗಳಲ್ಲಿ ಮಡಿಕೆಗಳೆಲ್ಲ ಸರಿಯಾಗಿದ್ದವು. ರಕ್ಷಾಳ ಕಪ್ಪು ಕೈ ಮಾತ್ರ ಬೆಳ್ಳಗಾಗಿತ್ತು. ಮಣಿಕಟ್ಟಿನ ಇಸ್ತ್ರಿ ಸುಟ್ಟ ಕಲೆಯೂ ಇಲ್ಲ.

"ಕೈಯೂ ಬದಲಾಗೈತೆ, ಸರ್..." ಎಂದಳು ಅನಿತಾ.

"ಚೆಂದಾನೇ ಐತಲ್ರೀ! ಕೈ ಯಾರು ನೋಡ್ತಾರೆ, ಕಳ್ಸ್ರಿ," ಎಂದರು ಮಾಲೀಕ ಸಿದ್ದಲಿಂಗೇಶ್.

ತಿದ್ದಲು ಸ್ವಲ್ಪವೇ ಹೊತ್ತು ಸಾಕಿತ್ತು. ಆದರೆ ಚೆಂದ ಎಂದದ್ದು ಅವಳಿಗೂ ಹೌದೆನಿಸಿತು. ಚನ್ನಗಿರಿ, ನ್ಯಾಮತಿ, ಜಗಳೂರಿನ ಅಂಗಡಿಗಳ ಗ್ರೂಪಿಗೆ ಕಳಿಸಿಯೇ ಬಿಟ್ಟಳು.

ಮರುದಿನ ರಕ್ಷಾ ಮೊಬೈಲ್ ಹಿಡಿದು ಬಂದಳು. "ಅಕ್ಕಾ, ಜಗಳೂರಿನ ನಮ್ಮ ಚಿಕ್ಕಮ್ಮ ಅಲ್ಲಿ ಅಂಗಡೀಲಿ ಈ ಫೋಟೊ ನೋಡಿ, ಫೋನ್ ಮಾಡಿ ನಗ್ತಾಳೆ. ಯಾವ ಕ್ರೀಮ್ ಹಚ್ಚಿದ್ಯೇ ಅಂತ." ತಾನೂ ನಕ್ಕಳು. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. "ಸೊಂಟದ ಹತ್ರ ಈ ಮಡಿಕೆ ನಾನು ನಿಂತಿದ್ದಕ್ಕೇ ಬಂದಿದ್ದು. ಅದನ್ನ ಹಂಗೇ ಇಟ್ಟೀರಿ. ಈ ಕೈ ಯಾರ್ದಕ್ಕಾ?"

"ಬ್ರಷ್ ದಪ್ಪ ಆಗಿತ್ತು..." ಎಂದಳು ಅನಿತಾ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ ಎಂದು ಅವಳ ನಾಲಿಗೆಗೇ ಗೊತ್ತಾಯಿತು. "ನೋಡಿದ್ದೆ ಕಣೇ. ನೋಡೀನೂ ಕಳ್ಸಿದೆ."

ರಕ್ಷಾ ಇಸ್ತ್ರಿ ಮೇಜಿಗೆ ಹೋದಳು.

ಅನಿತಾ ಮೂಲ ಫೋಟೊ ತೆರೆದು, ಸಣ್ಣ ಬ್ರಷ್ ಹಿಡಿದು, ತೋಳಿನ ಹೊಲಿಗೆಯ ಗುಂಟ ಮಾಸ್ಕ್ ಬಳಿದಳು. ಒಂದೊಂದು ಬಣ್ಣದಲ್ಲೂ ಕಪ್ಪು ಕೈ ಕಲೆಯ ಸಮೇತ ಹಿಂದಿರುಗಿತು. ಸಿದ್ದಲಿಂಗೇಶ್ ಗೊಣಗುತ್ತಿದ್ದರೂ ಹಳೆಯವನ್ನು ಅಳಿಸಿ ಹೊಸವನ್ನು ಕಳಿಸಿದಳು, ರಕ್ಷಾಗೂ ತೋರಿಸಿದಳು.

"ಈಗ ಸರಿ ಐತೆ," ಎಂದಳು ರಕ್ಷಾ.

ಮುಂದಿನ ಕುರ್ತಾ ತೊಟ್ಟು ಬಂದಾಗ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು.

"ಕೈ ಮುಂದೆ ತಗಳೇ," ಎಂದಳು ಅನಿತಾ.

"ಇರ್ಲಿ ಬಿಡಕ್ಕಾ. ಹಿಂಗಾದ್ರೆ ನಿಮಗೂ ಬಳಿಯಾಕೆ ಸಲೀಸು."

ಅನಿತಾ ಫೋಟೊ ತೆಗೆಯಲು ಮೊಬೈಲ್ ಎತ್ತಿ ಹಿಡಿದಳು. ಆದರೆ ಪರದೆಯಲ್ಲಿ ಕಾಣುತ್ತಿದ್ದ ರಕ್ಷಾಳ ಮುಖ ನೋಡಲು ಧೈರ್ಯ ಸಾಲದೆ, ಬರೀ ಮಡಿಕೆಗಳನ್ನೇ ನೋಡುತ್ತ ನಿಂತಳು.