ನಾನು ಉಳಿಸಿಕೊಂಡ ಕಾಲಾಳು

ಕೋಚ್ ಮೇಡಂ ಅವರಿಗೆ ನಮಸ್ಕಾರ.

ಸೋತ ಆಟವನ್ನು ಕಂಪ್ಯೂಟರಿಗೆ ತೋರಿಸಬಾರದು, ಮೊದಲು ಕೈಯಾರೆ ಬರೆದು ನಿಮಗೆ ಕಳಿಸಬೇಕು ಎಂಬ ನಿಮ್ಮ ಕಟ್ಟಪ್ಪಣೆಯಂತೆ ಈ ಪತ್ರ. ಅಕ್ಷರ ಓದಲು ಆಗದಿದ್ದರೆ ಹತ್ತಿರದ ಔಷಧಿ ಅಂಗಡಿಗೆ ಒಯ್ಯಿರಿ, ಅವರಿಗೆ ನನ್ನ ಬರಹ ರೂಢಿಯಾಗಿದೆ. ಕ್ಲಿನಿಕ್ಕಿನಲ್ಲಿ ಕೂತು, ಒಬ್ಬರ ಹಲ್ಲಿಗೂ ಇನ್ನೊಬ್ಬರ ಹಲ್ಲಿಗೂ ನಡುವೆ ಬರೆಯುತ್ತಿದ್ದೇನೆ.

ಭಾನುವಾರ ನೀವು ಊರಲ್ಲಿರಲಿಲ್ಲ. ಇದ್ದಿದ್ದರೆ ನನ್ನ ಮಾನ ಇನ್ನಷ್ಟು ಹೋಗುತ್ತಿತ್ತು. ತಂಡದ ನಾಲ್ಕನೆಯ ಬೋರ್ಡ್ ಯಾರಿಗೆ ಎಂದು ತೀರ್ಮಾನವಾಗಬೇಕಿದ್ದ ಆಟ ಅದು. ಎದುರಿಗೆ ನಮ್ಮ ಕ್ಲಬ್ಬಿನ ಪೋಸ್ಟ್ ಮಾಸ್ತರು. ನಿವೃತ್ತರಾದಾಗಿನಿಂದ ಆ ಕುರ್ಚಿ ಅವರದೇ. ಆಯ್ಕೆಯ ಆಟಗಳಲ್ಲಿ ನಾನು ಅರ್ಧ ಅಂಕ ಮುಂದಿದ್ದೆ; ಅವರು ಗೆದ್ದರೆ ಅವರದಾಗಿಯೇ ಉಳಿಯುತ್ತದೆ, ಡ್ರಾ ಆದರೂ ನನ್ನದಾಗುತ್ತದೆ. "ಡಾಕ್ಟ್ರೇ, ಗೆಲ್ಲೋಕೆ ಹೋಗ್ಬೇಡಿ, ಡ್ರಾ ಸಾಕು" ಎಂದು ನೀವು ಎಷ್ಟು ಸಲ ಹೇಳಿದ್ದಿರೋ. ನಾನು ಆ ಡ್ರಾ ಆಗಲೇ ಜೇಬಿಗೆ ಬಿದ್ದಂತೆ ಮನೆಯಲ್ಲಿ, ಕ್ಲಿನಿಕ್ಕಿನಲ್ಲಿ, ಬಾಯಿ ತೆರೆದು ಮಲಗಿ ಎದ್ದು ಹೋಗಲಾರದ ರೋಗಿಗಳ ಮುಂದೆಲ್ಲ ಡಂಗುರ ಸಾರಿದ್ದೆ. ಶನಿವಾರದ ತರಗತಿಯಲ್ಲಿ ಹಾಲುಹಲ್ಲಿನ ಮಕ್ಕಳ ಮಧ್ಯೆ, ಮಂಡಿ ಗದ್ದಕ್ಕೆ ತಾಗುವ ಪುಟ್ಟ ಕುರ್ಚಿಯಲ್ಲಿ ಇಷ್ಟು ದಿನ ಕೂತವನಿಗೆ ದೊಡ್ಡವರ ಕುರ್ಚಿಯೊಂದು ಬೇಕಿತ್ತು ಮೇಡಂ. ಬಹಳ ಬೇಕಿತ್ತು.

ಈಗ ಬೋರ್ಡ್ ಇಟ್ಟುಕೊಳ್ಳಿ. ಕರಿ ಕಾಯಿ ನನ್ನದು. ಆನೆ, ಕುದುರೆ, ಒಂಟೆ ಎಲ್ಲ ಖಾಲಿಯಾಗಿ ಬರೀ ರಾಜರೂ ಕಾಲಾಳುಗಳೂ ಉಳಿದಿದ್ದರು. ಮಾಸ್ತರ ರಾಜ ಎಫ್ ಆರರಲ್ಲಿ, ಒಂಟಿ ಕಾಲಾಳು ಇ ಆರರಲ್ಲಿ. ಅದು ರಾಣಿಯಾಗಲು ಎರಡೇ ಹೆಜ್ಜೆ. ನನ್ನ ರಾಜ ಬಿ ಎರಡರಲ್ಲಿ, ಒಂದು ಕಾಲಾಳು ಎ ನಾಲ್ಕರಲ್ಲಿ. ಅದಕ್ಕೆ ಮೂರು ಹೆಜ್ಜೆ ಬಾಕಿ. ಇನ್ನೊಂದು ಕಾಲಾಳು ದೂರದಲ್ಲಿ, ಎಚ್ ಏಳರಲ್ಲಿ, ಆಟ ಶುರುವಾದಾಗಿನಿಂದ ನಿಂತಲ್ಲೇ ನಿಂತಿತ್ತು. ನಡೆ ಮಾಸ್ತರದು.

ಅವರು ಬಹಳ ಹೊತ್ತು ನೋಡಿ ರಾಜನನ್ನು ಜಿ ಏಳಕ್ಕೆ ಸರಿಸಿದರು, ನನ್ನ ಎಚ್ ಕಾಲಾಳಿನ ಪಕ್ಕಕ್ಕೇ. ಕಾಯಿ ಮನೆಯ ಗೆರೆಯ ಮೇಲೆ ಸೊಟ್ಟಗೆ ನಿಂತಿತು. ಸರಿಮಾಡಿ, ತಗ್ಗಿದ ದನಿಯಲ್ಲಿ "ಡ್ರಾನಾ ಡಾಕ್ಟ್ರೇ?" ಎಂದು ಕೇಳಿ ಗಡಿಯಾರ ಒತ್ತಿದರು.

ಅವರ ಕೈ ನಡುಗುತ್ತಿತ್ತು. ನನ್ನನ್ನು ಕಂಡು ನಡುಗುತ್ತಿದೆ ಎಂದುಕೊಂಡೆ! ಮೇಡಂ, ಈ ಸಾಲನ್ನು ದಯವಿಟ್ಟು ಮಕ್ಕಳಿಗೆ ಓದಿ ಹೇಳಬೇಡಿ. ನನಗೆ ಬೇಕಿದ್ದ ಡ್ರಾವನ್ನು ಎದುರಿನವರು ತಟ್ಟೆಯಲ್ಲಿಟ್ಟು ನೀಡುತ್ತಿದ್ದಾರೆ, ನಾನು ಮಾತ್ರ 'ಮುದುಕರು ಹೆದರಿದರು, ಈಗ ಬಿಟ್ಟರೆ ಸಿಗುವುದಿಲ್ಲ, ಎರಡು ಕಾಲಾಳು ಒಂದಕ್ಕಿಂತ ಹೆಚ್ಚು' ಎಂದು ಲೆಕ್ಕ ಹಾಕುತ್ತಿದ್ದೇನೆ. ಬಾಯಲ್ಲಿ ಬೇಡ ಎನ್ನುವ ಸೌಜನ್ಯವೂ ನನಗಿರಲಿಲ್ಲ. ಅವರ ರಾಜನ ಬಾಯಿಗೆ ಬೀಳಲಿದ್ದ ಎಚ್ ಕಾಲಾಳನ್ನು ಎರಡು ಮನೆ ಮುಂದೆ, ಎಚ್ ಐದಕ್ಕೆ ಟಕ್ಕೆಂದು ಇಟ್ಟು ಗಡಿಯಾರ ಒತ್ತಿದೆ. ಪಾಪದ ಕಾಲಾಳು ಉಳಿಯಿತೆಂದು ಮೀಸೆ ತಿರುವಿಕೊಂಡೆ. ಮೀಸೆ ಇಲ್ಲ, ಆದರೂ.

ಮಾಸ್ತರು ಬೋರ್ಡ್ ಬಿಟ್ಟು ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಕಾಲಾಳು ಇ ಏಳಕ್ಕೆ, ನನ್ನದು ಎ ಮೂರಕ್ಕೆ. ಅವರದು ರಾಣಿಯಾಯಿತು, ನನ್ನದು ಎ ಎರಡಕ್ಕೆ ಬಂದು ನಿಂತಿತು.

ಆಗಲೂ ನಾನು ಹೆದರಲಿಲ್ಲ. ನೀವು ಹೇಳಿಕೊಟ್ಟು ಮಕ್ಕಳು ಒಕ್ಕೊರಲಿನಿಂದ ಒಪ್ಪಿಸುವ ಪಾಠ ನೆನಪಿತ್ತು: ಅಂಚಿನ ಸಾಲಿನ ಕಾಲಾಳು ರಾಣಿಯಾಗಲು ಒಂದೇ ಹೆಜ್ಜೆ ಇರುವಾಗ ಅದರ ಮುಂದಿನ ಮೂಲೆಗೆ ರಾಜ ಹೊಕ್ಕರೆ, ಅವನಿಗೆ ಚೆಕ್ಕೂ ಇಲ್ಲ, ನಡೆಯಲು ಮನೆಯೂ ಇಲ್ಲ, ಅದು ಸ್ಟೇಲ್‌ಮೇಟ್, ಆಟ ಡ್ರಾ. ಎದುರಿನ ರಾಣಿ ಹಲ್ಲು ಕಡಿಯುತ್ತ ನಿಂತಿರಬೇಕಷ್ಟೆ. ಮಾಸ್ತರು ಇ ಐದರಿಂದ ಚೆಕ್ ಕೊಟ್ಟರು, ಇ ಒಂದರಿಂದ ಕೊಟ್ಟರು, ಬಿ ನಾಲ್ಕರಿಂದ ಕೊಟ್ಟರು. ನಾನು ತಪ್ಪಿಸಿಕೊಳ್ಳುತ್ತ ಮೂಲೆ ಸೇರಿದೆ. ಸಿ ಮೂರರಿಂದ ಚೆಕ್, ನಾನು ಬಿ ಒಂದಕ್ಕೆ. ಬಿ ಮೂರರಿಂದ ಚೆಕ್, ಮತ್ತೆ ಮೂಲೆಗೆ. ಆಗ ರಾಣಿ ಚೆಕ್ ಕೊಡದೆ ಸದ್ದಿಲ್ಲದೆ ಸಿ ಎರಡಕ್ಕೆ ಬಂದು ಕೂತಳು.

ನೋಡಿದೆ. ರಾಜನಿಗೆ ಮನೆಯಿಲ್ಲ. ಚೆಕ್ಕಿಲ್ಲ. ಎದ್ದು ನಿಂತು, ಕೈ ಚಾಚಿ, ಕೋಣೆಯಲ್ಲಿದ್ದ ಎಲ್ಲ ಬೋರ್ಡಿಗೂ ಕೇಳುವಂತೆ "ಸ್ಟೇಲ್‌ಮೇಟ್ ಮಾಸ್ತರೇ!" ಎಂದೆ.

ಅವರು ಕೈ ಹಿಡಿಯಲಿಲ್ಲ. ಎಚ್ ಐದರ ಕಡೆ ಬೆರಳು ತೋರಿಸಿದರು. "ಅದು ನಡೆಯುತ್ತಲ್ಲ ಡಾಕ್ಟ್ರೇ" ಎಂದರು.

ಚಾಚಿದ ಕೈಯಲ್ಲೇ ನನ್ನ ಮುದ್ದಿನ ಕಾಲಾಳನ್ನು ಎಚ್ ನಾಲ್ಕಕ್ಕೆ ತಳ್ಳಿದೆ. ರಾಣಿ ಸಿ ಒಂದಕ್ಕೆ ಇಳಿದಳು. ಮೇಟ್. ನಾನು ನಿಂತೇ ಇದ್ದೆ.

ಮನೆಗೆ ಬಂದು ಮೊದಲು ಬೆಳಕನ್ನು ಬೈದೆ, ಆಮೇಲೆ ಕುರ್ಚಿಯನ್ನು, ಆಮೇಲೆ ಪಕ್ಕದ ಬೋರ್ಡಿನವನ ಕೆಮ್ಮನ್ನು. ನನ್ನ ಹೆಂಡತಿಗೆ ಚೆಸ್ ಬರುವುದಿಲ್ಲ, ನನ್ನನ್ನು ಓದುವುದು ಬರುತ್ತದೆ. "ಅಲ್ಲಾ ರೀ, ಆ ಪುಟ್ಟದು ಇಲ್ದೇ ಇದ್ದಿದ್ರೆ ನೀವು ಬಚಾವಾಗ್ತಿದ್ರಿ ತಾನೇ? ಊರವರ ಹಲ್ಲೆಲ್ಲಾ 'ಇದಿದ್ರೆ ತೊಂದ್ರೆ' ಅಂತ ಕಿತ್ತು ಬಿಸಾಕ್ತೀರಿ. ನಿಮ್ಮದೊಂದು ಬಿಡೋಕೆ ಆಗ್ಲಿಲ್ವಾ?" ಎಂದಳು. ಆ ಕಾಲಾಳು ಇರದಿದ್ದರೆ ಸಿ ಎರಡರಲ್ಲಿ ಕೂತ ರಾಣಿಯ ಮುಂದೆ ನಿಜಕ್ಕೂ ಡ್ರಾ. ಅದನ್ನು ಕಾಪಾಡಿದ್ದರಿಂದಲೇ ನಡೆಯೊಂದು ಉಳಿಯಿತು, ಆ ನಡೆಯೇ ನನ್ನನ್ನು ಕೊಂದಿತು. ಇಷ್ಟು ಅರ್ಥವಾಗಿದೆ. ಆದರೆ ಆ ಹೊತ್ತಿಗೆ ನಾನು ಬೇರೆ ಏನು ಆಡಬೇಕಿತ್ತು? ಏನು ನನ್ನ ಕಣ್ಣಿಗೆ ಬೀಳಲಿಲ್ಲ? ತಿಳಿಸಬೇಕು ಎಂದು ಬರೆದು ಸಹಿ ಹಾಕಲು ಹೊರಟಿದ್ದೆ.

ಅಷ್ಟರಲ್ಲಿ ಸಿಸ್ಟರ್ ಬಾಗಿಲಲ್ಲಿ ತಲೆ ಹಾಕಿ, "ಡಾಕ್ಟ್ರೇ, ನಿಮ್ಮನ್ನ ಸೋಲಿಸಿದೋರು ಬಂದಿದ್ದಾರೆ, ಹಲ್ಲು ನೋವಂತೆ" ಎಂದಳು. ಕ್ಲಿನಿಕ್ಕಿಗೆಲ್ಲ ಸುದ್ದಿ ತಲುಪಿದೆ ಎನ್ನುವುದು ನಿಮಗೆ ಗೊತ್ತಾಗಲಿ ಎಂದು ಬರೆದೆ.

ಮಾಸ್ತರ ಕೆಳದವಡೆಯ ಹಲ್ಲೊಂದು ಅಲ್ಲಾಡುತ್ತಿತ್ತು. ಉಳಿಸುವಂಥದ್ದಲ್ಲ. ಮರಗಟ್ಟಲು ಇಂಜೆಕ್ಷನ್ ಕೊಟ್ಟೆ. ಅದು ಹಿಡಿಯುವವರೆಗೆ ಕಾಯಬೇಕಲ್ಲ, ಮೇಜಿನ ಮೇಲಿದ್ದ ಬೋರ್ಡನ್ನು ಅವರ ತೊಡೆಯ ಮೇಲಿಟ್ಟು, "ನಾನೆಲ್ಲಿ ತಪ್ಪಿದೆ, ನೀವೇ ಹೇಳಿ ಮಾಸ್ತರೇ" ಎಂದೆ.

"ಎಚ್ಚನ್ನ ನನ್ನ ಬಾಯಿಗೆ ಬಿಟ್ಟು ಎ ಕಾಲಾಳನ್ನ ತಳ್ಬೇಕಿತ್ತು. ನಾನು ಏನೇ ಮಾಡಿದ್ರೂ ಇಬ್ರಿಗೂ ರಾಣಿ ಬರ್ತಿತ್ತು. ಡ್ರಾ" ಎಂದರು. ತುಟಿ ಆಗಲೇ ದಪ್ಪಗಾಗಿ ಮಾತು ತೊದಲುತ್ತಿತ್ತು. ಎಷ್ಟು ಸುಲಭ! ಒಂದು ನಡೆ ವ್ಯರ್ಥ ಮಾಡಿ ಓಟದಲ್ಲೂ ಹಿಂದೆ ಬಿದ್ದಿದ್ದೆ. ಹಣೆ ಚಚ್ಚಿಕೊಂಡೆ, ಕೈಗವಸು ಹಾಕಿದ್ದು ಮರೆತು.

"ಅದಕ್ಕೂ ಮುಂಚೆ ಒಂದಿದೆ, ನೋಡಿ" ಎಂದು ಅವರು ತಮ್ಮ ರಾಜನನ್ನು ಎಫ್ ಆರಕ್ಕೆ ವಾಪಸು ಇಟ್ಟು, ಕಾಲಾಳನ್ನು ಇ ಏಳಕ್ಕೆ ತಳ್ಳಲು ಹೋದರು. ಕೈ ನಡುಗಿ ರಾಜ ಉರುಳಿದ, ಕಾಲಾಳು ನೆಲಕ್ಕೆ ಬಿತ್ತು. ಎತ್ತಿಕೊಟ್ಟೆ. ಇನ್ನೊಮ್ಮೆ ಬಿತ್ತು. ಇಲ್ಲಿ ನನ್ನನ್ನು ಕಂಡು ನಡುಗಲು ಕಾರಣವೇ ಇರಲಿಲ್ಲ. ಆಗ ಹೊಳೆಯಿತು, ಭಾನುವಾರವೂ ಇರಲಿಲ್ಲ.

"ಇದನ್ನ ಆಗ್ಲೇ ತಳ್ಳಿದ್ರೆ ಅಲ್ಲಿಗೇ ನಿಮ್ಮ ಕತೆ ಮುಗೀತಿತ್ತು. ನಡೆಯೋಕೆ ನಿಮ್ಮ ಎಚ್ಚು ಇತ್ತಲ್ಲ, ಸ್ಟೇಲ್‌ಮೇಟ್ ಆಗ್ತಿರ್ಲಿಲ್ಲ" ಎಂದರು.

"ಮತ್ತೆ ಯಾಕೆ ರಾಜನ್ನ ನಡೆಸಿದ್ರಿ? ಡ್ರಾ ಯಾಕೆ ಕೇಳಿದ್ರಿ?"

ಅವರು ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲೆ ಒತ್ತಿ ಹಿಡಿದುಕೊಂಡರು. "ಹೋದ ಸಲದ ಪಂದ್ಯದಲ್ಲಿ ಮೂರ್ನಾಲ್ಕು ಸಲ ಕಾಯಿ ಬೀಳಿಸ್ದೆ. ಎತ್ತಿ ಜೋಡಿಸೋದ್ರಲ್ಲೇ ನನ್ನ ಟೈಮೆಲ್ಲಾ ಹೋಯ್ತು. ಎದುರಿನ ಹುಡ್ಗ ದೂರು ಹೇಳೋಕೆ ಆರ್ಬಿಟರನ್ನ ಕರೆದ. ನಾನಾಗೇ ಬಿಡ್ತೀನಿ ಅಂದ್ರೆ ಯಾಕೆ ಅಂತ ಎಲ್ರೂ ಕೇಳ್ತಾರೆ. ನಿಮ್ಮ ಜೊತೆ ಡ್ರಾ ಆಗಿ ಕುರ್ಚಿ ಹೋಗಿದ್ರೆ ಯಾರೂ ಕೇಳ್ತಿರ್ಲಿಲ್ಲ."

"ನಾನು ಬೇಡ ಅಂದ್ಮೇಲೂ ಬಿಟ್ಟುಕೊಡಬಹುದಿತ್ತಲ್ಲ?"

"ಒಂದ್ಸಲ ಬಾಗಿಲು ತೆಗ್ದಿಟ್ಟೆ. ನೀವೇ ಎಳ್ಕೊಂಡು ಚಿಲಕ ಹಾಕಿದ್ರಿ. ಮತ್ತೆ ಮತ್ತೆ ತೆಗೆಯೋಕೆ ಅದೇನು ಚೆಸ್ಸಾ, ಛತ್ರಾನಾ?" ಎಂದು ಗದರಿದರು. ಆಮೇಲೆ ಮೆಲ್ಲಗೆ, "ತಲೆ ಇನ್ನೂ ಆಡ್ತೀನಿ ಅನ್ನುತ್ತೆ ಡಾಕ್ಟ್ರೇ. ಕೈ ಮಾತು ಕೇಳಲ್ಲ" ಎಂದರು.

ನಾಚಿಕೆಯಾಯಿತು ಮೇಡಂ, ಸೋತಾಗ ಆದದ್ದಕ್ಕಿಂತ ಹೆಚ್ಚು. ಹಲ್ಲು ಹಿಡಿದು ತೆಗೆದೆ. ಸಲೀಸಾಗಿ ಬಂತು. ನಾನು ತಪ್ಪಿಲ್ಲದೆ ಮಾಡುವ ಕೆಲಸ ಅದೊಂದೇ. ಹಲ್ಲು ಬಟ್ಟಲಿಗೆ ಬಿದ್ದಾಗ ನನ್ನ ಕೈ ನೋಡಿಕೊಂಡೆ. ಅಲ್ಲಾಡುವುದಿಲ್ಲ ಅದು.

ಆದ್ದರಿಂದ ನನ್ನ ಪ್ರಶ್ನೆ ಬದಲಾಗಿದೆ. ಏನು ತಪ್ಪಿತೆಂದು ಗೊತ್ತಾಯಿತು. ಈಗ ಬೇಕಾದದ್ದು ಬೇರೆ. ಕೈಯಲ್ಲಿ ಆಗದ ಆಟಗಾರರು ನಡೆಯನ್ನು ಬಾಯಲ್ಲಿ ಹೇಳಿ, ಪಕ್ಕದಲ್ಲಿ ಕೂತ ಸಹಾಯಕ ಕಾಯಿ ನಡೆಸಿ ಗಡಿಯಾರ ಒತ್ತಬಹುದೆಂದು ನೀವೇ ಒಮ್ಮೆ ತರಗತಿಯಲ್ಲಿ ಹೇಳಿದ್ದಿರಿ. ನಾಲ್ಕನೆಯ ಬೋರ್ಡಿಗೆ ಆ ಅನುಮತಿಯನ್ನು ಪಂದ್ಯದ ಆರ್ಬಿಟರ್ ಹತ್ತಿರ ಕೇಳಿ. ಮಾಸ್ತರು ಆಡಲಿ, ನಾನು ಕಾಯಿ ನಡೆಸುತ್ತೇನೆ. ಇದನ್ನು ಅವರಿಗೆ ಹೇಳಿದಾಗ ಬಾಯಿ ತುಂಬ ಹತ್ತಿ ಕಚ್ಚಿಕೊಂಡಿದ್ದರು, ಹೂಂ ಎಂದು ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು. ನೋವಿಗಲ್ಲ, ಇಂಜೆಕ್ಷನ್ ಚೆನ್ನಾಗಿಯೇ ಹಿಡಿದಿತ್ತು.

ಹೆಂಡತಿಗೆ ಫೋನ್ ಮಾಡಿ, ನಾಲ್ಕನೆಯ ಬೋರ್ಡಿನಲ್ಲಿ ಜಾಗ ಸಿಗಬಹುದು ಎಂದೆ. "ನಿಮಗಾ?" ಎಂದು ಕೇಳಿದಳು. ನನ್ನ ಕೈಗೆ, ತಲೆಗಲ್ಲ ಎಂದೆ. ನಕ್ಕಳು. ಶನಿವಾರ ನನ್ನ ಪುಟ್ಟ ಕುರ್ಚಿ ಖಾಲಿ ಇಟ್ಟಿರಿ, ಬರುತ್ತೇನೆ.

ಇಂತಿ ನಿಮ್ಮ ವಿದ್ಯಾರ್ಥಿ,
ಮಕ್ಕಳ ಬಾಯಲ್ಲಿ ಹಲ್ಲು ಅಂಕಲ್