ಇಪ್ಪತ್ತೊಂದು ಕಿಲೋ ಹಿಡಿತ

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವನು ಸ್ಟ್ರೆಚರ್ ಮಾವ. ರೋಗಿಗಳನ್ನು ಎತ್ತಿ ಮಂಚದಿಂದ ಮಂಚಕ್ಕೆ ಸಾಗಿಸುವುದು ಅವನ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಅವನೊಂದಿಗೆ ಮಾತಾಡುವವರೆಂದರೆ ಆ ರೋಗಿಗಳೇ. ನೋವಿಗೆ ಬೈದರೂ ಅದು ಮಾತೇ ತಾನೆ.

ಹೋದ ತಿಂಗಳು ಒಬ್ಬ ಅಜ್ಜಿಯನ್ನು ಎತ್ತುವಾಗ ಬೆಡ್‌ಶೀಟಿನ ಅಂಚು ಅವನ ಬೆರಳಿಂದ ಜಾರಿತು. ಅಜ್ಜಿಗೆ ಏನೂ ಆಗಲಿಲ್ಲ. ಆದರೂ ನರ್ಸ್ ಅವನನ್ನು ಫಿಸಿಯೋಥೆರಪಿ ಕೋಣೆಗೆ ಅಟ್ಟಿದಳು. ಹಿಡಿತ ಅಳೆಯುವ ಯಂತ್ರದಲ್ಲಿ ಇಪ್ಪತ್ತನಾಲ್ಕು ಕಿಲೋ ಬಂತು. ಇನ್ನೊಂದು ತಿಂಗಳಲ್ಲಿ ಏರದಿದ್ದರೆ ನೆಲಮಾಳಿಗೆಯ ಸ್ಟೋರೇ ಗತಿ. ಅಲ್ಲಿ ರಟ್ಟಿನ ಪೆಟ್ಟಿಗೆ ಬಿಟ್ಟರೆ ನರಪಿಳ್ಳೆಯೂ ಇಲ್ಲ.

ಮಾವನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೈ ಬಲಿಯಲೆಂದು ಅಂಗಡಿಯಲ್ಲಿದ್ದ ಅತಿ ಬಿಗಿಯಾದ ಸ್ಪ್ರಿಂಗಿನ ಹಿಡಿಕೆ ತಂದು ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಎಲ್ಲೆಂದರಲ್ಲಿ ಹಿಸುಕಿದ. ಮೊಣಕೈ ನೋಯತೊಡಗಿದರೂ ಬಿಡಲಿಲ್ಲ.

ತಿಂಗಳು ಕಳೆದು ಮತ್ತೆ ಅದೇ ಕೋಣೆ.

"ಮೊಣಕೈ ಪಕ್ಕೆಗೆ ಆನಿಸಿ ಕೂತ್ಕೊಳ್ಳಿ ಮಾವ, ಕುಸ್ತಿ ಬೇಡ. ಈಗ ಹಿಸುಕಿ," ಎಂದಳು ಫಿಸಿಯೋಥೆರಪಿಯ ಡಾಕ್ಟರಮ್ಮ.

ಮೂರು ಸಲ ಹಲ್ಲು ಕಚ್ಚಿ ಹಿಸುಕಿದ. ಹೆಚ್ಚೆಂದರೆ ಇಪ್ಪತ್ತೊಂದು.

"ನಿಮ್ಮ ಮಿಷಿನ್ ಕೆಟ್ಟಿದೆ," ಎಂದು ಗುಡುಗಿದ.

ಅವಳು ಅವನ ಮೊಣಕೈಯ ಹೊರಬದಿ ಒತ್ತಿದಳು. ಮಾವ ಮುಖ ಕಿವುಚಿದ.

"ಮಿಷಿನ್ ಅಲ್ಲ, ಇದು ಕೆಟ್ಟಿರೋದು. ದಿನವಿಡೀ ಹಿಸುಕಿದ್ರೆ ಸ್ನಾಯುಗಳಿಗೆ ಪುರುಸೊತ್ತು ಎಲ್ಲಿ? ಗಂಡಸರಿಗೆ ಇಪ್ಪತ್ತೆಂಟರ ಕೆಳಗೆ ಬಂದ್ರೆ ನಾವು ಬರೀ ಕೈ ನೋಡಲ್ಲ, ಇಡೀ ಮೈ ಸೊರಗ್ತಿದೆಯಾ ಅಂತ ನೋಡ್ತೀವಿ. ನಿನ್ನೆ ರಾತ್ರಿ ಏನು ತಿಂದ್ರಿ?"

"ಟೀ. ಬನ್ನು."

"ಮೊನ್ನೆ?"

ಮಾವ ಗೋಡೆ ನೋಡಿದ. "ಒಬ್ಬನಿಗೆ ಅಂತ ಯಾರು ಒಲೆ ಹಚ್ತಾರಮ್ಮ?"

ಅವಳ ದನಿ ತಗ್ಗಿತು. "ಹಚ್ಚಲೇಬೇಕು. ಮೊಟ್ಟೆ, ಬೇಳೆ, ಮೊಸರು, ದಿನಾ. ರಕ್ತಪರೀಕ್ಷೆನೂ ಮಾಡಿಸೋಣ. ಆ ಸ್ಪ್ರಿಂಗ್ ಈಗ ಬೇಡ. ನೋವು ಇಳಿದ ಮೇಲೆ ವಾರಕ್ಕೆ ಎರಡು ಮೂರು ದಿನ ಒದ್ದೆ ಟವೆಲ್ ಹಿಂಡಿ, ಎರಡೂ ಕೈಲಿ ಚೀಲ ಹಿಡ್ಕೊಂಡು ನಡೀರಿ, ಹಗುರದಿಂದ ಶುರು ಮಾಡಿ. ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳೋದು ಕೂರೋದು ಇವತ್ತಿಂದಲೇ."

"ಸ್ಟ್ರೆಚರು?"

"ಎರಡು ತಿಂಗಳು ಸ್ಟೋರು. ಆಮೇಲೆ ಮತ್ತೆ ಅಳೆಯೋಣ. ಜಾರಿದ್ರೆ ಬೀಳೋದು ರೋಗಿ, ಮಾವ."

ಮಾವ ಕುರ್ಚಿಗೆ ಕೈ ಊರಿ ಎದ್ದ. ಅಂದೇ ನೆಲಮಾಳಿಗೆಗೆ ಇಳಿದ. ಸಂಜೆಯವರೆಗೆ ಯಾರೂ ಅವನನ್ನು ಕರೆಯಲಿಲ್ಲ, ಬೈಯಲೂ ಇಲ್ಲ.

ಮನೆಗೆ ಬಂದು ಮೊಟ್ಟೆ ಬೇಯಲಿಟ್ಟ. ಅಷ್ಟರಲ್ಲಿ ಏಳುವ ಕೂರುವ ವ್ಯಾಯಾಮ ಮುಗಿಸೋಣವೆಂದರೆ, ಅವನ ಪ್ಲಾಸ್ಟಿಕ್ ಕುರ್ಚಿಯ ಕಾಲು ಅಲ್ಲಾಡುತ್ತಿತ್ತು. ಮನೆಯಲ್ಲಿ ಗಟ್ಟಿ ಕುರ್ಚಿ ಎಂದರೆ ಹೆಂಡತಿಯದೊಂದೇ. ಅವಳು ಹೋದಂದಿನಿಂದ ಅದರ ಮೇಲೆ ಅವಳ ಮಡಚಿಟ್ಟ ಶಾಲು ಇತ್ತು. ಮಾವ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ತಳ್ಳಿದ. ಬೈಯೋಣವೆಂದರೆ ಯಾರನ್ನು?

ಕೊನೆಗೆ ಶಾಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಕುರ್ಚಿಯ ಅಂಚಿನಲ್ಲಿ ಕೂತ. ಕೈ ಊರದೆ ಎದ್ದ. ಮತ್ತೆ ಕೂತ.